ಇಪ್ಪತ್ತೊಂದೋ, ಇಪ್ಪತ್ತೇಳೋ

ಅಪ್ಪ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರೆ ಸಾಮಾನ್ಯವಾಗಿ ಅದು ಅಡಿಕೆಯದ್ದೋ, ತೋಟಕ್ಕೆ ನುಗ್ಗಿದ ಹಂದಿಯ ಹೆಜ್ಜೆಯದ್ದೋ ಆಗಿರುತ್ತದೆ. 2025ರ ಸೆಪ್ಟೆಂಬರ್ 24ರ ಬೆಳಿಗ್ಗೆ ಬಂದದ್ದು ಸಿಮೆಂಟ್ ಚೀಲದ್ದು. ಬಂಟ್ವಾಳದ ಹತ್ತಿರದ ನಮ್ಮ ಊರಿನಲ್ಲಿ ಹಳೆ ಹಂಚಿನ ಮನೆಯ ಪಕ್ಕಕ್ಕೆ ಹೊಸತು ಏಳುತ್ತಿದೆ. ಕೆಂಪು ಕಲ್ಲಿನ ಗೋಡೆ ಲಿಂಟಲ್ ದಾಟಿ ಮೇಲೆ ಬಂದಾಗಿತ್ತು, ನವರಾತ್ರಿ ಮುಗಿದ ಮೇಲೆ ಸ್ಲ್ಯಾಬ್. ಸುಮಾರು ಸಾವಿರದ ನೂರೈವತ್ತು ಚದರ ಅಡಿ. ಮೇಸ್ತ್ರಿ ನೂರ ಇಪ್ಪತ್ತು ಚೀಲ ಅಂತ ಲೆಕ್ಕ ಕೊಟ್ಟಿದ್ದರು. ಪೇಟೆಯ ಒಂದು ಅಂಗಡಿಯಲ್ಲಿ ಚೀಲಕ್ಕೆ ಇಪ್ಪತ್ತು ರೂಪಾಯಿ ಕಡಿಮೆಗೆ ಕೊಡುತ್ತಾರಂತೆ.

"53 ಗ್ರೇಡ್ ಅಂತೆ ಮಗಾ. ಒಮ್ಮೆ ನೋಡಿ ಹೇಳು, ಇವತ್ತೇ ಹೇಳಬೇಕಂತೆ" ಎಂದು ಅಪ್ಪನ ವಾಯ್ಸ್ ಮೆಸೇಜ್.

ನಾನು ಬಿಇ ಓದಿದ್ದು ಕಂಪ್ಯೂಟರ್ ಸೈನ್ಸ್. ಆದರೆ ಊರಿನ ಲೆಕ್ಕದಲ್ಲಿ ಇಂಜಿನಿಯರ್ ಅಂದರೆ ಇಂಜಿನಿಯರ್, ಸಿಮೆಂಟೂ ಗೊತ್ತಿರಬೇಕು, ಮಿಕ್ಸಿ ರಿಪೇರಿಯೂ ಬರಬೇಕು. ಪುಣ್ಯಕ್ಕೆ ಅಡಿಪಾಯದ ಸಮಯದಲ್ಲೇ ಸಿವಿಲ್ ಓದಿದ ಗೆಳೆಯನೊಬ್ಬ ಚೀಲ ಓದುವುದನ್ನು ಹೇಳಿಕೊಟ್ಟಿದ್ದ. "ದೊಡ್ಡ ಅಕ್ಷರ ಓದಬೇಡ ಮಾರಾಯ, ಅದು ಜಾಹೀರಾತು. ಸಣ್ಣ ಅಕ್ಷರ ಓದು" ಅಂತ.

ಹಾಗಾಗಿ ಮೊದಲು ಐಎಸ್‌ಐ ಗುರುತು ಹುಡುಕಿದೆ. ಅದರ ಮೇಲ್ತುದಿಯಲ್ಲಿ ಒಂದು ಐಎಸ್ ನಂಬರ್ ಇರುತ್ತದೆ, ಚೀಲದಲ್ಲಿ ಏನಿದೆ ಎಂದು ಹೇಳುವುದು ಅದು. 269 ಇದ್ದರೆ ಒಪಿಸಿ, ಅಂದರೆ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟ್. 43, 53 ಅನ್ನುವ ಗ್ರೇಡುಗಳು ಇರುವುದು ಇದಕ್ಕೆ. 455 ಇದ್ದರೆ ಸ್ಲ್ಯಾಗ್ ಸಿಮೆಂಟ್. ನಮ್ಮ ಫೋಟೋದಲ್ಲಿದ್ದದ್ದು 1489, ಭಾಗ 1. ಅದು ಪಿಪಿಸಿ, ಹಾರುಬೂದಿ ಬೆರೆಸಿದ ಸಿಮೆಂಟು. ಕೆಳಗೆ ಎಷ್ಟು ಶೇಕಡಾ ಹಾರುಬೂದಿ ಎಂದೂ ಬರೆದಿತ್ತು.

ಅಂದರೆ ಅಂಗಡಿಯವರ "53 ಗ್ರೇಡ್" ಆ ಚೀಲದ ಮೇಲೆ ಎಲ್ಲೂ ಇರಲಿಲ್ಲ. ಇರಲು ಸಾಧ್ಯವೂ ಇಲ್ಲ, ಪಿಪಿಸಿಗೆ ಆ ಥರ ಗ್ರೇಡ್ ಇಲ್ಲ. 53 ಅಂದರೆ ಸಿಮೆಂಟ್ ಮತ್ತು ಮರಳಿನ ಪುಟ್ಟ ಘನ ಮಾಡಿ, 28 ದಿನ ನೀರಲ್ಲಿಟ್ಟು, ಯಂತ್ರದಲ್ಲಿ ಒತ್ತಿದಾಗ ಕನಿಷ್ಠ 53 ಮೆಗಾಪ್ಯಾಸ್ಕಲ್ ತಡೆಯಬೇಕು ಎಂಬ ಲೆಕ್ಕ. ಪಿಪಿಸಿ ಅದೇ ಪರೀಕ್ಷೆಯಲ್ಲಿ 33 ದಾಟಿದರೆ ಪಾಸ್. ಎಷ್ಟೋ ಕಂಪನಿಗಳದ್ದು ಅದಕ್ಕಿಂತ ಬಹಳ ಮೇಲೇ ಬರುತ್ತದೆ, ಆದರೆ ಚೀಲದ ಮೇಲಿನ ನಂಬರ್ ಭರವಸೆ ಕೊಡುವುದು 33ಕ್ಕೆ ಮಾತ್ರ.

ಹಾಗಂತ ಪಿಪಿಸಿ ಕಳಪೆ ಅಲ್ಲ. ನಮ್ಮಂಥ ಮಳೆಯ ಊರಿಗೆ, ಮನೆಯ ಸ್ಲ್ಯಾಬಿಗೆ ನಾನು ಅದನ್ನೇ ಆರಿಸುತ್ತೇನೆ. ಗಟ್ಟಿಯಾಗುವಾಗ ಬಿಸಿ ಕಡಿಮೆ, ಸರಿಯಾಗಿ ನೀರು ಉಣಿಸಿದರೆ ಒಳಗೆ ನೀರು ಇಳಿಯುವುದೂ ಕಡಿಮೆ. ಆದರೆ ಬಲ ನಿಧಾನಕ್ಕೆ ಬರುತ್ತದೆ. 53 ಗ್ರೇಡ್ ಅಂದುಕೊಂಡು ಏಳನೇ ದಿನಕ್ಕೆ ಸೆಂಟ್ರಿಂಗ್ ಬಿಚ್ಚಿದರೆ, ನಾಲ್ಕು ದಿನಕ್ಕೆ ನೀರು ಹಾಕುವುದು ನಿಲ್ಲಿಸಿದರೆ ಕಷ್ಟ. ಅಂಗಡಿಯವರ ಬಾಯಿತಪ್ಪು ನಮ್ಮ ತಲೆ ಮೇಲೆ ಬರುವುದು ಹೀಗೆ.

ಗುರುತಿನ ಕೆಳಗಿನ ಸಿಎಂ/ಎಲ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ಗೆ ಹಾಕಿದೆ. ಕಂಪನಿ ಹೆಸರು, ಕಾರ್ಖಾನೆಯ ವಿಳಾಸ ಎರಡೂ ಚೀಲದ ಜೊತೆ ತಾಳೆಯಾದವು. ಇದಕ್ಕೆ ಒಂದು ನಿಮಿಷ ಸಾಕು.

ಸಿಕ್ಕಿಹಾಕಿಕೊಂಡದ್ದು ತಾರೀಕಿನಲ್ಲಿ. ಚೀಲದ ಅಂಚಿನಲ್ಲಿ ಮಸುಕು ಕಪ್ಪು ಶಾಯಿಯಲ್ಲಿ ಮೂರು ಸಂಖ್ಯೆ: 21/05/25. ಅಥವಾ 27/05/25. ವಾಟ್ಸಾಪ್ ಫೋಟೋವನ್ನು ಹಿಂಡಿ ಕಳಿಸಿದ್ದರಿಂದ 1 ಮತ್ತು 7ಕ್ಕೆ ವ್ಯತ್ಯಾಸ ಕಾಣುತ್ತಿರಲಿಲ್ಲ. ಅಪ್ಪ ಅದನ್ನು "ಮೇ ಇಪ್ಪತ್ತೇಳು" ಎಂದು ಓದಿದ್ದರು. ಅಂಗಡಿಯ ಹುಡುಗ ತಿದ್ದಿದನಂತೆ: "ಮೊದಲಿನದ್ದು ತಾರೀಕು ಅಲ್ಲ ಅಣ್ಣ, ವಾರ. 27ನೇ ವಾರ ಅಂದ್ರೆ ಜುಲೈ. ಇನ್ನೂ ಮೂರು ತಿಂಗಳೂ ಆಗ್ಲಿಲ್ಲ."

ಹುಡುಗ ಹೇಳಿದ್ದು ಅರ್ಧ ಸರಿ. ಮೊದಲ ಸಂಖ್ಯೆ ವರ್ಷದ ಎಷ್ಟನೇ ವಾರ ಅನ್ನುವುದು, ಎರಡನೆಯದು ತಿಂಗಳು, ಮೂರನೆಯದು ವರ್ಷ. ಆದರೆ 27ನೇ ವಾರ ಜುಲೈಯಾದರೆ ಪಕ್ಕದಲ್ಲಿ 05 ಯಾಕೆ ಇದೆ? ನಮ್ಮ ಕೆಲಸದಲ್ಲಿ ಇದಕ್ಕೆ ಚೆಕ್‌ಸಮ್ ಅಂತೀವಿ. ಒಂದೇ ವಿಷಯವನ್ನು ಎರಡು ಕಡೆ ಬರೆದಾಗ ಒಂದು ಇನ್ನೊಂದರ ಸುಳ್ಳನ್ನು ಹಿಡಿಯುತ್ತದೆ. ಬಾಯಿಲೆಕ್ಕವೂ ಸುಲಭ, ತಿಂಗಳಿಗೆ ನಾಲ್ಕೂ ಕಾಲು ವಾರ ಚಿಲ್ಲರೆ. ಐದನೇ ತಿಂಗಳು ಬೀಳುವುದು ಹದಿನೆಂಟರಿಂದ ಇಪ್ಪತ್ತೆರಡನೇ ವಾರದಲ್ಲಿ. ಆಫೀಸಿನಲ್ಲಿ ಲ್ಯಾಪ್‌ಟಾಪ್ ತೆರೆದೇ ಇತ್ತು, ಅಭ್ಯಾಸಬಲದಿಂದ ಅದನ್ನೂ ಕೇಳಿದೆ.

```
from datetime import date
print(date.fromisocalendar(2025, 21, 1))  # 2025-05-19
print(date.fromisocalendar(2025, 27, 1))  # 2025-06-30
```

ವಾರದ ಲೆಕ್ಕವನ್ನು ಕಂಪನಿ ಎಲ್ಲಿಂದ ಶುರು ಮಾಡುತ್ತದೆ ಎನ್ನುವುದರ ಮೇಲೆ ಎರಡು ಮೂರು ದಿನ ಆಚೀಚೆ ಆಗಬಹುದು. ಆದರೂ 27 ಮೇ ತಿಂಗಳಿಗೆ ಬರುವುದಿಲ್ಲ. ಅದು 21. ಚೀಲ ತುಂಬಿ ನಾಲ್ಕು ತಿಂಗಳಾಗಿದೆ. ಅದೂ ಎಂಥ ನಾಲ್ಕು ತಿಂಗಳು? ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್! ಕಪಾಟಿನೊಳಗಿನ ಬೆಲ್ಟಿಗೆ ಬೂಸ್ಟು ಹಿಡಿಯುವ ನಮ್ಮ ಮಳೆಗಾಲವಿಡೀ ಅದು ಗೋಡೌನಿನಲ್ಲಿ ಕೂತಿದೆ.

ಸಿಮೆಂಟಿಗೆ ನೀರು ಕಂಡರೆ ಸಾಕು, ಕೆಲಸ ಶುರು. ಗಾಳಿಯ ತೇವವೂ ನೀರೇ. ನೇಯ್ದ ಪ್ಲಾಸ್ಟಿಕ್ ಚೀಲ ಅದನ್ನು ಪೂರ್ತಿ ತಡೆಯುವುದಿಲ್ಲ. ಹುಡಿಯ ಕಣಗಳ ಮೈ ಒಳಗೊಳಗೇ ಗಟ್ಟಿಯಾಗುತ್ತ ಹೋಗುತ್ತದೆ, ಮುಂದೆ ನಾವು ನೀರು ಬೆರೆಸಿದಾಗ ಆ ಪಾಲು ದುಡಿಯುವುದಿಲ್ಲ. ಮೂರು ತಿಂಗಳು ದಾಟಿದರೆ ಬಲದಲ್ಲಿ ಐದನೇ ಒಂದು ಪಾಲಿನಷ್ಟು ಹೋಗಿರಬಹುದು ಎಂಬುದು ಕಟ್ಟುವವರ ರೂಢಿಯ ಲೆಕ್ಕ. ಒಣ ಜಾಗದಲ್ಲಿ ಅಷ್ಟು ಹೋಗದು, ಹಸಿ ಜಾಗದಲ್ಲಿ ಇನ್ನೂ ಹೆಚ್ಚು. ಮೂರು ತಿಂಗಳು ಮೀರಿದ ಚೀಲವನ್ನು ಮತ್ತೆ ಪರೀಕ್ಷಿಸದೆ ಬಳಸಬಾರದು ಎಂಬ ನಿಯಮ ಬಂದದ್ದು ಇದಕ್ಕೇ.

ಅಪ್ಪನಿಗೆ ಫೋನ್ ಮಾಡಿದೆ. "ಅಪ್ಪ, ಇನ್ನು ನಾಲ್ಕು ಚೀಲದ ಫೋಟೋ ಬೇಕು. ಒಂದೇ ಅಟ್ಟಿಯದ್ದು ಬೇಡ, ಹಿಂದಿನ ಸಾಲಿನದ್ದು, ಅಡಿಯದ್ದು. ಇಡೀ ಚೀಲ ಬೇಡ, ಆ ಮೂರು ನಂಬರ್ ಮಾತ್ರ, ಹತ್ತಿರದಿಂದ. ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ."

"ಎಂತದ್ದಕ್ಕೆ ಅಷ್ಟೆಲ್ಲ? ಅವರು ಗುರ್ತದವರು ಮಾರಾಯ."

"ಗುರ್ತದವರೇ. ಚೀಲ ಗುರ್ತದ್ದಲ್ಲ ಅಲ್ವಾ?"

ಗೊಣಗಿಕೊಂಡೇ ಹೋದರು. ಬಂದ ನಾಲ್ಕರಲ್ಲಿ ಎರಡು 21/05, ಒಂದು 20/05, ಒಂದು 35/08. ಹೊಸ ಲೋಡನ್ನು ಎದುರಿಗಿಟ್ಟು ಹಳೆಯದನ್ನು ಹಿಂದಕ್ಕೆ ತಳ್ಳಿದ್ದರೋ, ಅಥವಾ ಹಾಗೆಯೇ ಆಯಿತೋ, ನಾನು ಕೇಳಲಿಲ್ಲ. ಇಪ್ಪತ್ತು ರೂಪಾಯಿಯ ಹಾಗೆ ಲೆಕ್ಕ ಹಾಕಿದರೆ ನೂರ ಇಪ್ಪತ್ತು ಚೀಲಕ್ಕೆ ಉಳಿಯುವುದು ಎರಡು ಸಾವಿರದ ನಾಲ್ನೂರು. ಆ ಸ್ಲ್ಯಾಬಿನ ಕೆಳಗೆ ಅಪ್ಪ ಅಮ್ಮ ಮಲಗಬೇಕು.

ಅಪ್ಪನಿಗೆ ನನ್ನ ವಾರದ ಲೆಕ್ಕಕ್ಕಿಂತ ಹೆಚ್ಚು ನಂಬಿಕೆ ಬಂದದ್ದು ಮೇಸ್ತ್ರಿ ಮಾಡಿದ್ದರಿಂದ. ಅವರು 20/05ರ ಒಂದು ಚೀಲ ಬಿಚ್ಚಿಸಿ ಮೊಣಕೈವರೆಗೆ ಕೈ ಹಾಕಿದರಂತೆ. ಮೂಲೆಯಲ್ಲಿ ನಿಂಬೆಗಾತ್ರದ ಗಂಟು ಸಿಕ್ಕಿತು. ಬೆರಳಲ್ಲಿ ಹಿಸುಕಿದರೆ ಹುಡಿಯಾಗುವ ಗಂಟು ಅಟ್ಟಿಯ ಭಾರಕ್ಕೆ ಆದದ್ದು, ಚಿಂತೆಯಿಲ್ಲ. ಇದು ಹುಡಿಯಾಗಲಿಲ್ಲ, ನೆಲಕ್ಕೆ ಎಸೆದರೆ ಕಲ್ಲಿನ ಸದ್ದು. ಫೋಟೋದಲ್ಲಿ ಇದನ್ನು ಓದುವ ದಾರಿ ಇಲ್ಲ. ಹಾಗೆಯೇ, ಹೊಸ ತಾರೀಕಿನ ಚೀಲ ಲಾರಿಯಲ್ಲಿ ಒಮ್ಮೆ ನೆನೆದಿದ್ದರೂ ಮೂರು ನಂಬರ್ ಏನನ್ನೂ ಹೇಳುವುದಿಲ್ಲ.

ಕೊನೆಗೆ ಬೇರೆ ಅಂಗಡಿಯಿಂದ ತಂದೆವು, ಅದೇ ಪಿಪಿಸಿ, 37/09/25. ಸ್ಲ್ಯಾಬಿನ ಎರಡು ದಿನ ಮೊದಲಷ್ಟೇ ಇಳಿಸಿಕೊಂಡು, ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ, ಮೇಲೆ ಟಾರ್ಪಾಲು. ಎಂಟನೇ ದಿನಕ್ಕೆ ಮೇಸ್ತ್ರಿ ಕಂಬ ತೆಗೆಯಲು ಬಂದರು. ಪಕ್ಕದೂರಿನಲ್ಲಿ ಅವರಿಗೆ ಆ ಶೀಟುಗಳು ಬೇಕಿದ್ದವು. ಅಪ್ಪ ಬಿಡಲಿಲ್ಲ. "ಇದು 1489" ಎಂದರಂತೆ. ಹದಿನೆಂಟು ದಿನ ನಿಲ್ಲಿಸಿದರು.

ಈಗ ಸಾರಣೆಗೆ ಮತ್ತೆ ಸಿಮೆಂಟು ಬೇಕು. ನಿನ್ನೆ ಅಪ್ಪನಿಂದ ಫೋಟೋ ಬಂತು, ಡಾಕ್ಯುಮೆಂಟ್ ಆಗಿಯೇ. ಚೀಲವೇ ಕಾಣುವುದಿಲ್ಲ, ಮೂರು ನಂಬರ್ ಮತ್ತು ಅದರ ಪಕ್ಕ ಅವರ ಹೆಬ್ಬೆರಳು.