ತುಂಡು ವಾಕ್ಯ, ಮೊಟಕು ಮಾತು, ಮೊದಲಿಗೇ ಬರುವ ‘ಆದರೆ’

ಶಾಲೆಯಲ್ಲಿ ನಮಗೆ ಪ್ರಬಂಧ ಬರೆಯಲು ಕಲಿಸಿದಾಗ ಮೂರು ಕಟ್ಟಳೆ ಹಾಕಿದ್ದರು. ಆಡುವ ಹಾಗೆ ಬರೆಯಬಾರದು. ವಾಕ್ಯ ಅರ್ಧಕ್ಕೆ ನಿಲ್ಲಬಾರದು. ‘ಆದರೆ’ ಅಂತ ವಾಕ್ಯ ಶುರು ಮಾಡಬಾರದು. ಪತ್ರಿಕೋದ್ಯಮ ಓದಲು ಹೋದಾಗ ಮಾತು ತಿರುಗಿತು. ಚಿಕ್ಕದಾಗಿ ಬರೆಯಿರಿ, ಮಾತಾಡಿದ ಹಾಗೆ ಬರೆಯಿರಿ ಅಂದರು. ಊರಿನ ಸುದ್ದಿಯನ್ನು ಊರಿನವರಿಗೇ ಬರೆಯುವ ನಾವು ಈ ಎರಡರಲ್ಲಿ ಯಾವುದನ್ನು ಹಿಡಿಯಬೇಕು? ನಮ್ಮ ಅನುಭವದಲ್ಲಿ ಎರಡೂ ಅರ್ಧ ಸತ್ಯ.

ಒಂದು ಸುದ್ದಿಯನ್ನು ಮೂರು ಥರ ಬರೆದು ನೋಡೋಣ. ಸುದ್ದಿ ನಾವೇ ಕಟ್ಟಿದ್ದು, ಆದರೆ ಇಂಥದ್ದು ನಡೆಯದ ಊರಿಲ್ಲ. ಮೊದಲನೆಯದು ಕಚೇರಿ ಧಾಟಿ:

“ಕೆರೆ ಏರಿಯ ಬಳಿಯ ಕೊಳವೆಬಾವಿಯ ಮೋಟಾರು ಸುಟ್ಟುಹೋಗಿ ಎಂಟು ದಿನಗಳಾಗಿದ್ದು, ದುರಸ್ತಿ ಕಾರ್ಯ ನಡೆಯದ ಹಿನ್ನೆಲೆಯಲ್ಲಿ ಗ್ರಾಮಸ್ಥರು ಪಕ್ಕದ ತೋಟದಿಂದ ನೀರು ತರುತ್ತಿದ್ದು, ಸದರಿ ತೋಟದಲ್ಲಿ ವಿದ್ಯುತ್ ಇರುವ ವೇಳೆ ಮಾತ್ರ ನೀರು ಲಭ್ಯವಾಗುತ್ತಿದೆ.”

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ‘ಇದ್ದು’, ‘ಇದ್ದು’ ಅಂತ ಗೋಂದು ಹಚ್ಚಿ ನಾಲ್ಕು ಸಂಗತಿ ಅಂಟಿಸಿದ್ದಾರೆ. ಫೋನಿನ ಚಿಕ್ಕ ಪರದೆಯಲ್ಲಿ ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ. ಇದನ್ನು ಸರಿಮಾಡುತ್ತೇವೆ ಅಂತ ಕೆಲವರು ಹೀಗೆ ಬರೆಯುತ್ತಾರೆ:

“ಮೋಟಾರು. ಸುಟ್ಟುಹೋಗಿದೆ. ಎಂಟು ದಿನ. ಮತ್ತು ಯಾರೂ ಬಂದಿಲ್ಲ. ಕೊಡ ಹೊತ್ತು, ತೋಟಕ್ಕೆ ನಡೆದು. ಮತ್ತು ವಿದ್ಯುತ್ತಿಗಾಗಿ ಕಾದು. ದುರಸ್ತಿ ಕಾರ್ಯವನ್ನ ಯಾವಾಗ ಕೈಗೊಳ್ತಾರೋ.”

ಚಿಕ್ಕದೇನೋ ಆಯಿತು, ಆದರೆ ಹೀಗೆ ಯಾರೂ ಮಾತಾಡುವುದಿಲ್ಲ. ಸಿನಿಮಾ ಟ್ರೇಲರ್ ಕೇಳಿದ ಹಾಗಿದೆ. ಕೃತಕ ಅನ್ನಿಸುವುದು ಎಲ್ಲೆಲ್ಲಿ ಅಂತ ಒಂದೊಂದಾಗಿ ನೋಡೋಣ.

ಮೊದಲು ತುಂಡು ವಾಕ್ಯ. ಕ್ರಿಯಾಪದ ಇಲ್ಲದಿದ್ದರೆ ವಾಕ್ಯ ಅಪೂರ್ಣ ಅನ್ನುವ ಇಂಗ್ಲಿಷಿನ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ. “ಇವರು ನಮ್ಮ ಮೇಷ್ಟ್ರು” ಅನ್ನುವುದರಲ್ಲಿ ಕ್ರಿಯಾಪದವೇ ಇಲ್ಲ, ಆದರೂ ಪೂರ್ತಿ ವಾಕ್ಯ. ಅದೇ “ತೋಟಕ್ಕೆ ನಡೆದು” ಅನ್ನುವುದು ಪೂರ್ತಿಯಲ್ಲ. ‘ನಡೆದು’, ‘ಕಾದು’, ‘ಹೊತ್ತು’ ಅಂದ ಕೂಡಲೇ ಕೇಳುವವರು “ಆಮೇಲೆ?” ಅಂತ ಕಾಯುತ್ತಾರೆ, ಮುಂದೊಂದು ಕ್ರಿಯಾಪದ ಬರಲೇಬೇಕು. ಅಲ್ಲಿ ಚುಕ್ಕೆ ಇಟ್ಟರೆ ಮೆಟ್ಟಿಲು ಇದೆ ಅಂದುಕೊಂಡು ಕಾಲಿಟ್ಟ ಹಾಗಾಗುತ್ತದೆ. ತುಂಡು ಸಲೀಸಾಗಿ ನಿಲ್ಲುವುದು ಹಿಂದಿನ ವಾಕ್ಯದಿಂದ ಸಾಲ ಪಡೆದಾಗ. “ಕರೆಂಟ್ ಬರುವುದು ಎಷ್ಟು ಹೊತ್ತಿಗೆ? ರಾತ್ರಿ ಹನ್ನೊಂದಕ್ಕೆ.” ಇಲ್ಲಿ ಎರಡನೆಯದು ತುಂಡೇ, ಆದರೆ ‘ಬರುವುದು’ ಪ್ರಶ್ನೆಯಲ್ಲೇ ಸಿಕ್ಕಿದೆ. ತುಂಡಿಗೆ ಕ್ರಿಯಾಪದ ಎಲ್ಲಿಂದ ಬಂತು ಅಂತ ಬೆರಳಿಟ್ಟು ತೋರಿಸಲು ಆದರೆ ಇರಲಿ, ಆಗದಿದ್ದರೆ ವಾಕ್ಯ ಮುಗಿಸಿಬಿಡಿ.

ಎರಡನೆಯದು, ವಾಕ್ಯದ ಮೊದಲಿಗೆ ಬರುವ ‘ಆದರೆ’, ‘ಹಾಗಾಗಿ’, ‘ಮತ್ತು’. ಮೇಷ್ಟ್ರು ಮೂರನ್ನೂ ಬೇಡ ಅಂದರು, ಹೊಸಬರು ಮೂರನ್ನೂ ಸರಿ ಅನ್ನುತ್ತಾರೆ. ಆದರೆ ಮೂರೂ ಒಂದೇ ಜಾತಿಯಲ್ಲ. ‘ಆದರೆ’ ಅಂದರೆ ‘ಹಾಗೆ ಆದ ಪಕ್ಷದಲ್ಲಿ’. ‘ಹಾಗಾಗಿ’ ಅಂದರೆ ‘ಹಾಗೆ ಆಗಿ’. ಎರಡರ ಹೊಟ್ಟೆಯಲ್ಲೂ ‘ಆಗು’ ಇದೆ, ಎರಡೂ ಹಿಂದಿನ ಮಾತಿನ ಕಡೆಗೆ ಕೈ ತೋರಿಸುತ್ತವೆ. ಹಾಗಾಗಿ ವಾಕ್ಯದ ಮೊದಲಿಗೆ ಕೂರುವುದು ಅವಕ್ಕೆ ಸಹಜ. ‘ಮತ್ತು’ ಹಾಗಲ್ಲ. ಅದು ಎರಡರ ನಡುವೆ ನಿಲ್ಲುವ ಪದ, ಊರಿನ ಮಾತಿನಲ್ಲಿ ಅಲ್ಲೂ ಅಪರೂಪ. “ಅಕ್ಕಿನೂ ಬೇಳೆನೂ ತಂದೆ” ಅನ್ನುತ್ತೇವೆ, “ಸಂತೆಗೆ ಹೋಗಿ ತಂದೆ” ಅನ್ನುತ್ತೇವೆ. ಹೊಸ ಮಾತು ತೆಗೆಯುವಾಗ ‘ಆಮೇಲೆ’, ‘ಇನ್ನು’, ‘ಮತ್ತೆ’ ಅನ್ನುತ್ತೇವೆ. “ಮತ್ತು ಯಾರೂ ಬಂದಿಲ್ಲ” ಅನ್ನುವುದು ಇಂಗ್ಲಿಷ್ ವಾಕ್ಯಕ್ಕೆ ಕನ್ನಡದ ಅಂಗಿ ತೊಡಿಸಿದ್ದು. ‘ಮತ್ತು’ ಅಳಿಸಿ ಓದಿ, ಏನೂ ಕಳೆಯುವುದಿಲ್ಲ. ಅದೇ “ಆದರೆ ನೀರು ಸಿಗುವುದು ಕರೆಂಟ್ ಇದ್ದಾಗ ಮಾತ್ರ” ಅನ್ನುವುದರಲ್ಲಿ ‘ಆದರೆ’ ಅಳಿಸಿ ನೋಡಿ. ತಿರುವೇ ಮಾಯ. ಅಳಿಸಿದರೆ ಅರ್ಥ ಕುಂಟುತ್ತದೆ ಅಂದರೆ ಅದಕ್ಕೆ ಅಲ್ಲಿ ಕೆಲಸ ಇದೆ.

ಮೂರನೆಯದು ಮೊಟಕು ಮಾತು. ‘ಮಾಡುತ್ತಾರೆ’ ಅನ್ನುವುದನ್ನು ‘ಮಾಡ್ತಾರೆ’ ಅಂತ ಬರೆಯುವುದು. ಇಲ್ಲಿ ಒಂದು ಸೂಕ್ಷ್ಮ ಇದೆ. ಮೊಟಕಾದ ಮಾತಿಗೆ ಸೀಮೆ ಇರುತ್ತದೆ. ‘ಇದೆ’ ಅನ್ನುವುದು ಮೈಸೂರು, ತುಮಕೂರಿನ ಹಳ್ಳಿಗಳಲ್ಲಿ ‘ಐತೆ’, ಧಾರವಾಡದಲ್ಲಿ ‘ಐತಿ’, ಕಲಬುರಗಿಯಲ್ಲಿ ‘ಅದ’, ಮಂಗಳೂರಿನಲ್ಲಿ ‘ಉಂಟು’. ‘ಇದೆ’ ಅಂತ ಬರೆದರೆ ನಾಲ್ಕೂ ಕಡೆಯವರು ತಡವರಿಸದೆ ಓದುತ್ತಾರೆ. ‘ಐತೆ’ ಅಂದ ಕೂಡಲೇ ಅದೊಬ್ಬರ ಬಾಯಿಯ ಮಾತಾಗುತ್ತದೆ. ಹಾಗಾಗಿ ಆ ಬಾಯಿ ಯಾರದ್ದು ಅಂತ ತಿಳಿದಿದ್ದಾಗ ಅದು ಚೆನ್ನ. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ಕಥೆ ಹೇಳುವ ದನಿಯೂ ನಂಜನಗೂಡು ಸೀಮೆಯದೇ, ಆದ್ದರಿಂದ ಅಲ್ಲಿ ಕೃತಕ ಅನ್ನಿಸುವುದಿಲ್ಲ. “ದುರಸ್ತಿ ಕಾರ್ಯವನ್ನ ಕೈಗೊಳ್ತಾರೋ” ಅನ್ನುವ ಬಾಯಿ ಮಾತ್ರ ಯಾವ ಊರಲ್ಲೂ ಸಿಗುವುದಿಲ್ಲ. ಕ್ರಿಯಾಪದಕ್ಕೆ ಲುಂಗಿ ಉಡಿಸಿ ‘ದುರಸ್ತಿ ಕಾರ್ಯ’ಕ್ಕೆ ಕೋಟು ಹಾಗೇ ಬಿಟ್ಟಿದ್ದಾರೆ. ಮೊಟಕು ಮಾಡುವುದಾದರೆ ಪದಗಳನ್ನೂ ಬದಲಿಸಬೇಕು: “ಯಾವಾಗ ರಿಪೇರಿ ಮಾಡ್ತಾರೋ.”

ಮೊಟಕು ಮಾತು ಅರ್ಥವನ್ನೇ ಕೆಡಿಸುವುದೂ ಉಂಟು. “ಅರ್ಜಿ ಕೊಟ್ಟಿದ್ರು ಹಣ ಬಂದಿಲ್ಲ” ಅಂತ ಬರೆದರೆ ‘ಕೊಟ್ಟಿದ್ದರು’ ಅಂತಲೋ ‘ಕೊಟ್ಟಿದ್ದರೂ’ ಅಂತಲೋ? ಮೊದಲನೆಯದು ಬರೀ ನಡೆದ ಸಂಗತಿ, ಎರಡನೆಯದು ದೂರು. ಮಾತಿನಲ್ಲಿ ದನಿ ಎಳೆದು ತಿಳಿಸುತ್ತೇವೆ, ಫೋನಿನಲ್ಲಿ ಟೈಪ್ ಮಾಡುವಾಗ ಆ ದೀರ್ಘ ಬಿಟ್ಟುಹೋಗುತ್ತದೆ. ಪಿಂಚಣಿ, ಬೆಳೆ ವಿಮೆ, ಕೊನೆಯ ದಿನಾಂಕ, ಔಷಧಿಯ ಪ್ರಮಾಣ ಇಂಥ ಕಡೆ ನಾವು ಪೂರ್ತಿ ರೂಪವನ್ನೇ ಬರೆಯುತ್ತೇವೆ. ಓದಿದವರು ಅದನ್ನು ನಂಬಿ ಕಚೇರಿಗೆ ಹೋಗುತ್ತಾರೆ, ಬಸ್ಸಿಗೆ ದುಡ್ಡು ಕೊಡುತ್ತಾರೆ.

ಈಗ ಮೂರನೆಯ ಸಲ:

“ಕೆರೆ ಏರಿ ಹತ್ತಿರದ ಬೋರ್‌ವೆಲ್ಲಿನ ಮೋಟಾರು ಸುಟ್ಟು ಎಂಟು ದಿನವಾಯಿತು. ರಿಪೇರಿಗೆ ಯಾರೂ ಬಂದಿಲ್ಲ. ಹಾಗಾಗಿ ಊರಿನವರು ಪಕ್ಕದ ತೋಟದಿಂದ ನೀರು ತರುತ್ತಿದ್ದಾರೆ. ಆದರೆ ಅಲ್ಲಿ ನೀರು ಸಿಗುವುದು ಕರೆಂಟ್ ಇದ್ದಾಗ ಮಾತ್ರ. ಕರೆಂಟ್ ಬರುವುದು ಎಷ್ಟು ಹೊತ್ತಿಗೆ? ರಾತ್ರಿ ಹನ್ನೊಂದಕ್ಕೆ. ‘ಕೊಡ ಇಟ್ಕೊಂಡು ಕೂತಿರ್ತೀವಿ, ಇನ್ನೇನು ಮಾಡೋದು’ ಅನ್ನುತ್ತಾರೆ ಅಲ್ಲಿನ ಹೆಂಗಸರು.”

ಇದರಲ್ಲೂ ತುಂಡು ಇದೆ, ‘ಆದರೆ’ ಇದೆ, ಮೊಟಕು ಮಾತಿದೆ. ಆದರೆ ತುಂಡು ಒಂದೇ ಒಂದು, ಅದೂ ಪ್ರಶ್ನೆಗೆ ಉತ್ತರವಾಗಿ. ‘ಹಾಗಾಗಿ’ ಕಾರಣ ಹೇಳುತ್ತದೆ, ‘ಆದರೆ’ ತೊಡಕು ಹೇಳುತ್ತದೆ. ‘ಕೂತಿರ್ತೀವಿ’ ಅನ್ನುವುದು ಕೊಡ ಹಿಡಿದು ಕೂತವರ ಬಾಯಲ್ಲೇ ಇದೆ, ನಮ್ಮ ಬಾಯಿಗೆ ಬಂದಿಲ್ಲ. ‘ರಾತ್ರಿ ಹನ್ನೊಂದಕ್ಕೆ’ ಅನ್ನುವುದಕ್ಕೆ ತೂಕ ಬಂದದ್ದು ಸುತ್ತಲಿನ ವಾಕ್ಯಗಳು ಪೂರ್ತಿಯಾಗಿ ನಿಂತಿರುವುದರಿಂದ. ಎಲ್ಲವನ್ನೂ ತುಂಡು ಮಾಡಿದ್ದರೆ ಇದೂ ಹತ್ತರಲ್ಲಿ ಹನ್ನೊಂದಾಗುತ್ತಿತ್ತು.

ನೀವೂ ಪಂಚಾಯಿತಿಗೆ ಮನವಿಯನ್ನೋ ವಾಟ್ಸ್ಯಾಪಿನಲ್ಲಿ ಊರಿನ ಸುದ್ದಿಯನ್ನೋ ಬರೆಯುತ್ತೀರಿ. ಕಳಿಸುವ ಮುಂಚೆ ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ. ಅವರು “ಆಮೇಲೆ?” ಅಂದರೆ ಆ ವಾಕ್ಯ ಮುಗಿದಿಲ್ಲ. “ಯಾರು ಹಂಗಂದಿದ್ದು?” ಅಂದರೆ ಆ ಮೊಟಕು ಮಾತಿಗೆ ಬಾಯಿ ಸಿಕ್ಕಿಲ್ಲ. “ಅಯ್ಯೋ, ಈಗ್ಲೂ ರಿಪೇರಿ ಆಗಿಲ್ವಾ?” ಅಂದರೆ ಬರಹ ಸರಿಯಾಗಿದೆ, ಕಳಿಸಿ.