ಅಪ್ಪನ ರಿಪೋರ್ಟಿನಲ್ಲಿದ್ದ 6.2

ನನ್ನಪ್ಪನಿಗೆ ಈಗ ಅರವತ್ತಾರು. ಅಡಿಕೆ ತೋಟ, ಎರಡು ದನ, ಸಂಜೆಗೊಂದು ಎಲೆಯಡಿಕೆ. ಇಷ್ಟೇ ಅವರ ಪ್ರಪಂಚ. ಕಳೆದ ಮಳೆಗಾಲದ ಕೊನೆಗೆ ಪೇಟೆಯ ಲ್ಯಾಬ್‌ನಲ್ಲಿ ಸಕ್ಕರೆ, ಕೊಲೆಸ್ಟ್ರಾಲ್ ಎಲ್ಲ ಸೇರಿಸಿ ಒಂದು ಪ್ಯಾಕೇಜ್ ಟೆಸ್ಟ್ ಮಾಡಿಸಿಕೊಂಡು ಬಂದರು. ಎಲ್ಲ ಸರಿಯಿತ್ತು, ಒಂದು ಸಾಲು ಬಿಟ್ಟು. ಪಿಎಸ್‌ಎ 6.2. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ, 4ರ ಒಳಗಿರಬೇಕು ಎಂದಿತ್ತು.

ಅಣ್ಣ ಮೊಬೈಲಲ್ಲಿ ಹುಡುಕಿದ. ಮೊದಲು ಕಂಡ ಪದವೇ ಕ್ಯಾನ್ಸರ್. ಅವತ್ತು ರಾತ್ರಿ ಅಪ್ಪ ಊಟ ಅರ್ಧಕ್ಕೆ ಬಿಟ್ಟು ಎದ್ದರು. ಮರುದಿನ ಬೆಳಿಗ್ಗೆ ಕಪಾಟಿನಿಂದ ಜಾಗದ ಕಾಗದಪತ್ರ ತೆಗೆದು ಅಣ್ಣನಿಗೆ ತೋರಿಸುತ್ತಿದ್ದರು. ಅಮ್ಮ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ವಾರದ ನಂತರ ಜಿಲ್ಲಾ ಕೇಂದ್ರದ ಮೂತ್ರರೋಗ ತಜ್ಞರ ಹತ್ತಿರ ಹೋದೆವು. ಅವರು ರಿಪೋರ್ಟ್ ನೋಡಿ ಬದಿಗಿಟ್ಟು, "ಯಜಮಾನ್ರೇ, ಈ ಟೆಸ್ಟಿಗೆ ಮುಂಚೆ ಜ್ವರ ಗಿರ ಬಂದಿತ್ತಾ?" ಅಂತ ಕೇಳಿದರು. ಆಗ ನಮಗೆ ನೆನಪಾಯಿತು. ರಕ್ತ ಕೊಡುವ ಹತ್ತು ದಿನ ಮೊದಲು ಅಪ್ಪನಿಗೆ ಚಳಿಜ್ವರ, ಉರಿಮೂತ್ರ ಇತ್ತು. ಮೆಡಿಕಲ್ ಶಾಪಿನಿಂದ ಮೂರು ದಿನದ ಮಾತ್ರೆ ತಂದು ನುಂಗಿದ್ದರು.

ಡಾಕ್ಟರು ವಿವರಿಸಿದ್ದು ಹೀಗೆ. ಮೂತ್ರಚೀಲದ ಕೆಳಗೆ ಪ್ರಾಸ್ಟೇಟ್ ಎಂಬ ಗ್ರಂಥಿ ಇದೆ. ವೀರ್ಯದಲ್ಲಿ ಸೇರುವ ದ್ರವದ ಒಂದು ಪಾಲು ಅಲ್ಲಿ ತಯಾರಾಗುತ್ತದೆ. ಪಿಎಸ್‌ಎ ಅದೇ ದ್ರವದಲ್ಲಿರುವ ಒಂದು ಪ್ರೋಟೀನ್. ಅದರಲ್ಲಿ ಸ್ವಲ್ಪ ರಕ್ತಕ್ಕೆ ಸೋರುವುದು ಸಹಜ. ಗ್ರಂಥಿ ವಯಸ್ಸಿನಿಂದ ದೊಡ್ಡದಾದರೆ, ಅದಕ್ಕೆ ಸೋಂಕು ತಗಲಿದರೆ, ಮೂತ್ರಕ್ಕೆ ನಳಿಗೆ ಹಾಕಿದ್ದರೆ ಹೆಚ್ಚು ಸೋರುತ್ತದೆ. ಕ್ಯಾನ್ಸರ್ ಆದರೂ ಹೆಚ್ಚು ಸೋರುತ್ತದೆ. ಅಂದರೆ ಈ ಸಂಖ್ಯೆ ಗ್ರಂಥಿಯಲ್ಲಿ ಏನೋ ನಡೆದಿದೆ ಎಂದು ಹೇಳುತ್ತದೆ, ಏನು ಎಂದು ಹೇಳುವುದಿಲ್ಲ. 4ರಿಂದ 10ರ ನಡುವೆ ಇರುವವರಿಗೆ ಬಯಾಪ್ಸಿ ಮಾಡಿದರೆ ಸುಮಾರು ನಾಲ್ವರಲ್ಲಿ ಮೂವರಿಗೆ ಕ್ಯಾನ್ಸರ್ ಸಿಗುವುದಿಲ್ಲವಂತೆ. ಆದರೆ ಒಬ್ಬನಿಗೆ ಸಿಗುತ್ತದೆ. ಹಾಗಾಗಿ ಹೆದರಬೇಕಿಲ್ಲ, ಬಿಟ್ಟುಬಿಡುವಂತೆಯೂ ಇಲ್ಲ.

ಆಮೇಲೆ ಬೆರಳಿನ ಪರೀಕ್ಷೆ. ಗುದದ್ವಾರದ ಮೂಲಕ ಬೆರಳು ಹಾಕಿ ಗ್ರಂಥಿಯನ್ನು ಮುಟ್ಟಿ ನೋಡುತ್ತಾರೆ. ಅಪ್ಪ ನಾಚಿಕೆಯಿಂದ ಬೇಡವೆಂದರು, ಕೊನೆಗೆ ಒಪ್ಪಿದರು. ಅರ್ಧ ನಿಮಿಷದಲ್ಲಿ ಮುಗಿಯಿತು. ಗಟ್ಟಿ ಗಂಟು ಏನೂ ಇರಲಿಲ್ಲ. ಮೂತ್ರ ಪರೀಕ್ಷೆಯಲ್ಲಿ ಸೋಂಕು ಇನ್ನೂ ಉಳಿದಿತ್ತು. ಅದಕ್ಕೆ ಪೂರ್ತಿ ಔಷಧಿ ಕೊಟ್ಟು, "ಅದು ಗುಣವಾಗಿ ಆರು ವಾರ ಕಳೆದ ಮೇಲೆ ಅದೇ ಲ್ಯಾಬ್‌ನಲ್ಲಿ ಮತ್ತೆ ಮಾಡಿಸಿ. ಮುಂಚಿನ ಎರಡು ದಿನ ಹೆಂಡತಿ ಜೊತೆ ಸೇರಬೇಡಿ, ಸೈಕಲ್ ದೂರ ತುಳಿಯಬೇಡಿ" ಎಂದರು. ಲ್ಯಾಬ್ ಬದಲಾದರೆ ಯಂತ್ರ ಬದಲಾಗುತ್ತದೆ, ಸಂಖ್ಯೆಯೂ ಸ್ವಲ್ಪ ಆಚೀಚೆ ಆಗುತ್ತದೆ.

ಎರಡನೇ ಸಲ 4.6 ಬಂತು. ಇಳಿದಿತ್ತು, ಆದರೆ 4ರ ಒಳಗೆ ಬರಲಿಲ್ಲ. ಅಪ್ಪನ ಮುಖ ಮತ್ತೆ ಬಾಡಿತು. ಡಾಕ್ಟರು ಸ್ಕ್ಯಾನಿಂಗ್ ಮಾಡಿಸಿದರು. ಗ್ರಂಥಿ 58 ಗ್ರಾಂನಷ್ಟಿತ್ತು, ಹರೆಯದಲ್ಲಿ ಇರುವುದು 20ರ ಹತ್ತಿರ. ಅವರು ಕಾಗದದ ಮೇಲೆ ಭಾಗಿಸಿ ತೋರಿಸಿದರು. 4.6ನ್ನು 58ರಿಂದ ಭಾಗಿಸಿದರೆ 0.08. ಇದು 0.15 ದಾಟಿದರೆ ಅನುಮಾನ ಹೆಚ್ಚು. ದೊಡ್ಡ ಗ್ರಂಥಿಯಿಂದ ಹೆಚ್ಚು ಸೋರುವುದು ಲೆಕ್ಕಕ್ಕೆ ಹೊಂದುತ್ತದೆ ಎಂದರು. ಬಯಾಪ್ಸಿ ಅಂದರೆ ಸೂಜಿ ಚುಚ್ಚಿ ಚೂರು ತೆಗೆಯುವುದು, ಅದರಿಂದ ರಕ್ತ ಬರಬಹುದು, ಸೋಂಕು ಆಗಬಹುದು. ಹಾಗಾಗಿ ಈಗ ಬೇಡ, ಆರು ತಿಂಗಳಿಗೊಮ್ಮೆ ನೋಡೋಣ, ಏರುತ್ತಾ ಹೋದರೆ ಎಂಆರ್‌ಐ ಮಾಡಿಸಿ ಆಮೇಲೆ ಯೋಚಿಸೋಣ ಎಂದರು.

"ಹಾಗಾದರೆ ಕ್ಯಾನ್ಸರ್ ಇಲ್ಲ ಅಂತಲಾ?" ಎಂದು ಅಪ್ಪ ಕೇಳಿದರು.

"ಇಲ್ಲವೇ ಇಲ್ಲ ಅಂತ ಯಾವ ಟೆಸ್ಟೂ ಹೇಳೋದಿಲ್ಲ ಯಜಮಾನ್ರೇ. ಸಾಧ್ಯತೆ ಕಡಿಮೆ ಅಂತ ಅಷ್ಟೇ ಹೇಳ್ತೀನಿ" ಎಂದರು ಅವರು. ಮೂತ್ರದಲ್ಲಿ ರಕ್ತ ಕಂಡರೆ, ಬೆನ್ನುಮೂಳೆ ನೋವು ಬಿಡದೆ ಕಾಡಿದರೆ ಆರು ತಿಂಗಳು ಕಾಯದೆ ಬರಬೇಕೆಂದರು. ಇನ್ನೊಂದು ಮಾತು ನಾನು ಬರೆದಿಟ್ಟುಕೊಂಡೆ. ಮುಂದೆ ಗ್ರಂಥಿ ಕುಗ್ಗಿಸುವ ಡ್ಯೂಟಾಸ್ಟರೈಡ್ ಅಥವಾ ಫಿನಾಸ್ಟರೈಡ್ ಮಾತ್ರೆ ಶುರುವಾದರೆ, ಆರು ತಿಂಗಳಿಂದ ವರ್ಷದೊಳಗೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆಗ 2.3 ಬಂದರೆ ಅದನ್ನು 4.6 ಎಂದೇ ಓದಬೇಕು. ಮಾತ್ರೆಯ ಹೆಸರು ಹೇಳದೆ ರಿಪೋರ್ಟ್ ತೋರಿಸಿದರೆ ಡಾಕ್ಟರಿಗೂ ಮೋಸ ಹೋದ ಹಾಗೆ.

ಮೊನ್ನೆ ಆರು ತಿಂಗಳಾಯಿತು. 4.4. ಮೂರೂ ರಿಪೋರ್ಟುಗಳನ್ನು ಅಪ್ಪ ಒಂದೇ ಕವರಿನಲ್ಲಿ, ಜಾಗದ ಕಾಗದಪತ್ರದ ಕೆಳಗೆ ಇಟ್ಟಿದ್ದಾರೆ. ಮುಂದಿನ ತಾರೀಕನ್ನು ಅಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ.