ಅಪ್ಪನ ಫೈಲಿನ ಐದು ಅಂಕಿಗಳು

ಎರಡು ವರ್ಷದ ಹಿಂದೆ ದೀಪಾವಳಿಗೆಂದು ಧಾರವಾಡದಿಂದ ಪುಣೆಗೆ ಬಂದಿದ್ದ ಅಪ್ಪನ ಬಲಗೈಯಿಂದ ಚಹಾದ ಕಪ್ಪು ಜಾರಿ ಬಿತ್ತು. ಹತ್ತು ನಿಮಿಷ ಕೈಗೆ ಬಲವಿರಲಿಲ್ಲ, ಮಾತು ತೊದಲುತ್ತಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಸರಿಹೋಗಿತ್ತು. ಡಾಕ್ಟರು ಅದನ್ನು ಟಿಐಎ ಎಂದರು. ಬಂದು ಹೋದ ಲಕ್ವ; ನಿಜವಾದದ್ದು ಬರಬಹುದೆಂಬ ಎಚ್ಚರಿಕೆ.

ಆ ರಾತ್ರಿ ಅಪ್ಪನ ಹಳೆಯ ಫೈಲು ತೆಗೆದೆ. ಐದು ಭೇಟಿಗಳ ಮೇಲಿನ ಬಿಪಿ: 138, 164, 132, 158, 142. ಏರಿದಾಗ ‘ಪ್ರಯಾಣದ ದಣಿವು’ ಎಂದಿದ್ದೆವು, ಇಳಿದಾಗ ಸಮಾಧಾನಪಟ್ಟಿದ್ದೆವು. ಸರಾಸರಿ ಸುಮಾರು 147. ಪ್ರತಿ ಸಲವೂ 146, 148, 145, 149, 146 ಬರುವವರ ಸರಾಸರಿಯೂ ಅಷ್ಟೇ. ಆದರೆ ಅಂಕಿಗಳ ಚದುರುವಿಕೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂಥವರಲ್ಲಿ 1.6; ಅಪ್ಪನಲ್ಲಿ 13.6.

ಈ ಚದುರುವಿಕೆಯನ್ನು ಆಕ್ಸ್‌ಫರ್ಡಿನ ನರರೋಗತಜ್ಞ ಪೀಟರ್ ರಾಥ್‌ವೆಲ್ 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಚರ್ಚಿಸಿದ್ದರು. ಟಿಐಎ ಆಗಿದ್ದವರ ಏಳು ಭೇಟಿಗಳ ಬಿಪಿ ನೋಡಿದಾಗ, ಅತಿ ಹೆಚ್ಚು ಏರಿಳಿತವಿದ್ದ ಹತ್ತನೇ ಒಂದು ಭಾಗದವರಿಗೆ, ಅತಿ ಕಡಿಮೆ ಇದ್ದವರಿಗಿಂತ ಲಕ್ವದ ಅಪಾಯ ಸುಮಾರು ಆರು ಪಟ್ಟು ಇತ್ತು. ಸರಾಸರಿಯನ್ನು ಲೆಕ್ಕಕ್ಕೆ ಹಿಡಿದ ಮೇಲೂ ಆ ಸಂಬಂಧ ಉಳಿದಿತ್ತು.

ಮರುದಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, “ಗುಳಿಗೆ ದಿನಾ ತಗೋತೀರಾ?” ಅಪ್ಪ ತಲೆ ತಗ್ಗಿಸಿದರು. “ಆರಾಮ ಇದ್ದ ದಿನ ಯಾಕ ಬೇಕಂತ ಬಿಡತೀನ್ರಿ.” ಮೊಣಕಾಲಿಗೆಂದು ನೋವಿನ ಗುಳಿಗೆ ಬೇರೆ ನುಂಗುತ್ತಿದ್ದರು, ಅದೂ ಬಿಪಿ ಏರಿಸುತ್ತದೆ. ವಯಸ್ಸಿಗೆ ಬಿರುಸಾದ ರಕ್ತನಾಳಗಳು ಇಂಥ ಏರಿಳಿತವನ್ನು ಮೆತ್ತಗೆ ಹೀರಿಕೊಳ್ಳಲಾರವು. ಜೊತೆಗೆ ಮೆಟ್ಟಿಲು ಹತ್ತಿ ಬಂದ ಕೂಡಲೇ, ಮಾತಾಡುತ್ತಲೇ ಅಳೆಸಿಕೊಂಡದ್ದೂ ಇತ್ತು.

ಅವರು ತೆಗೆದುಕೊಳ್ಳುತ್ತಿದ್ದುದು ಅಟೆನೊಲಾಲ್. ಅದನ್ನು ಥಟ್ಟನೆ ನಿಲ್ಲಿಸುವುದು ಅಪಾಯವೆಂದು ಡಾಕ್ಟರು ಹಂತಹಂತವಾಗಿ ಇಳಿಸಿ ಅಮ್ಲೋಡಿಪಿನ್ ಕೊಟ್ಟರು. ಇದು ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಒಂದು ದಿನ ಮರೆತರೂ ಬಿಪಿ ಒಮ್ಮೆಲೇ ಜಿಗಿಯುವುದಿಲ್ಲ. ಇವೆರಡನ್ನು ಹೋಲಿಸಿದ ದೊಡ್ಡ ಪ್ರಯೋಗದಲ್ಲಿ ಅಮ್ಲೋಡಿಪಿನ್ ಗುಂಪಿನಲ್ಲಿ ಏರಿಳಿತವೂ ಕಡಿಮೆ, ಲಕ್ವವೂ ಕಡಿಮೆ.

ಆದರೂ ಡಾಕ್ಟರು ಒಂದು ಮಾತು ಸೇರಿಸಿದರು: ಏರಿಳಿತವೇ ಲಕ್ವ ತರುತ್ತದೋ, ಅದು ಹಾಳಾದ ರಕ್ತನಾಳಗಳ ಗುರುತು ಮಾತ್ರವೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಐದು ಅಂಕಿಗಳಿಂದ ತೀರ್ಪು ಕೊಡಲೂ ಬಾರದು. ಸರಾಸರಿಯನ್ನು ಇಳಿಸುವುದೇ ಮೊದಲ ಕೆಲಸ.

ಈಗ ಧಾರವಾಡದಲ್ಲಿ ಅಪ್ಪ ಐದು ನಿಮಿಷ ಸುಮ್ಮನೆ ಕೂತು, ಬೆಳಿಗ್ಗೆ ಗುಳಿಗೆಗೆ ಮೊದಲು ಎರಡು ಸಲ, ರಾತ್ರಿ ಎರಡು ಸಲ ಬಿಪಿ ಅಳೆದು ಬರೆದಿಡುತ್ತಾರೆ. ಡಾಕ್ಟರ ಬಳಿ ಹೋಗುವ ಹಿಂದಿನ ವಾರವಿಡೀ ಹೀಗೆ. ಭಾನುವಾರ ಫೋನಿನಲ್ಲಿ ಓದಿ ಹೇಳುತ್ತಾರೆ. ಮೊದಲೆಲ್ಲ “ಈ ಸಲ ಎಷ್ಟು?” ಎನ್ನುತ್ತಿದ್ದೆ. ಈಗ “ಹಿಂದಿನವನ್ನೂ ಓದ್ರಿ ಅಪ್ಪಾ” ಎನ್ನುತ್ತೇನೆ.